ಅಪ್‌ಡೇಟ್: ಡೇಟಾ ಸೋರುತ್ತಿದ್ದ ದಾರಿ ಸಿಕ್ಕಿತು

ಆಗ ಕೇಳಿದ್ದು: "ಹೊರಗಿನ ಐಪಿಗಳನ್ನೆಲ್ಲ ಬ್ಲಾಕ್ ಮಾಡಿದ್ದೇನೆ, ಆದರೂ ಒಂದು ಲ್ಯಾಪ್‌ಟಾಪ್‌ನಿಂದ ಡೇಟಾ ಹೊರಗೆ ಹೋಗುತ್ತಿದೆ. ಹೇಗೆ?"

ದಾರಿ ನಮ್ಮದೇ ಡಿಎನ್‌ಎಸ್ ರಿಸಾಲ್ವರ್! ಲ್ಯಾಪ್‌ಟಾಪ್ ಕೇಳಿದ ಹೆಸರುಗಳನ್ನು ರಿಸಾಲ್ವರ್ ತಾನೇ ಹೊರಗಿನ ಸರ್ವರ್‌ಗೆ ತಲುಪಿಸುತ್ತಿತ್ತು. ಐಪಿ ಬ್ಲಾಕ್ ಏನು ಮಾಡೀತು, ಅಲ್ವಾ?

ಲಾಗ್‌ನಲ್ಲಿ ಇಂಥ ಸಾಲುಗಳು (ಡೊಮೇನ್ ಬದಲಿಸಿದ್ದೇನೆ):

```
TXT mzxw6ytboi4dk3tp.t.example.com
```

ಎಡಗಡೆಯ ತುಂಡು ಪ್ರತಿ ಸಲ ಬೇರೆ. ಡೇಟಾ ಇರುವುದೇ ಅದರಲ್ಲಿ. ಮೊದಲು ಸುಮ್ನೆ ಹೆಸರಿನ ಉದ್ದ ನೋಡಿ ಹಿಡಿಯಲು ಹೋಗಿ ಮೋಸ ಹೋದೆ. ಆಂಟಿವೈರಸ್ ಕೂಡ ಉದ್ದುದ್ದ ಹೆಸರು ಕೇಳುತ್ತದೆ. ಆಮೇಲೆ ಒಂದೊಂದು ಡೊಮೇನ್ ಕೆಳಗೆ ಗಂಟೆಗೆ ಎಷ್ಟು ಬೇರೆ ಬೇರೆ ಸಬ್‌ಡೊಮೇನ್ ಎಂದು ಎಣಿಸಿದೆ. ಇದರದ್ದು ಸಾವಿರಾರು, ಕೇಳಿದ್ದು ಒಂದೇ ಯಂತ್ರ. ಆಂಟಿವೈರಸ್‌ನದನ್ನು ಎಲ್ಲ ಯಂತ್ರಗಳೂ ಕೇಳುತ್ತಿದ್ದವು.

ಆ ಡೊಮೇನನ್ನು ರಿಸಾಲ್ವರ್‌ನಲ್ಲೇ ತಡೆದೆ. ನಿಧಾನವಾಗಿ ಸೋರಿಸಿದರೆ ಗಂಟೆಯ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ಈಗ ದಿನದ ಲೆಕ್ಕವನ್ನೂ ಇಟ್ಟಿದ್ದೇನೆ.