ಅಪ್‌ಡೇಟ್: ಪ್ರಾಜೆಕ್ಟ್ ಖರ್ಚಿನ ಲೆಕ್ಕ ಕೊನೆಗೂ ತಾಳೆಯಾಯಿತು

ನನ್ನ ಪ್ರಶ್ನೆ: "ಹೈಡ್ರಾಲಿಕ್ ಲಿಫ್ಟ್ ಮಾದರಿಗೆ ಸಾಮಗ್ರಿ, ಸಾಗಣೆ, ಪ್ರಿಂಟಿಂಗ್ ಸೇರಿ 338 ರೂಪಾಯಿ ಅಂದಾಜು. ಕೈಯಿಂದ ಹೋಗಿದ್ದು 508. ತಪ್ಪಿದ್ದೆಲ್ಲಿ?"

"ಬೇಕಾದಷ್ಟಕ್ಕಲ್ಲ, ಕೊಳ್ಳಬೇಕಾದಷ್ಟಕ್ಕೆ ಲೆಕ್ಕ ಹಾಕಿ" ಅಂದವರ ಮಾತೇ ಸರಿಯಾಯಿತು. ಫೋಮ್ ಬೋರ್ಡ್ ಬೇಕಿದ್ದದ್ದು ಒಂದೂವರೆ ಹಾಳೆ, ಆದರೆ ಅರ್ಧ ಹಾಳೆ ಯಾರೂ ಕೊಡುವುದಿಲ್ಲ. ಹಾಗಾಗಿ 60ರಂತೆ 2 ಹಾಳೆಗೆ 120. ಸಿರಿಂಜ್ 4 ಸಾಕು, ಆದರೆ ಪಿಸ್ಟನ್ ರಬ್ಬರ್ ಸೋರಿದರೆ ಲಿಫ್ಟ್ ಏಳುವುದೇ ಇಲ್ಲ, ಅದಕ್ಕೆ ಒಂದು ಹೆಚ್ಚುವರಿ: 5ಕ್ಕೆ 50. ಟ್ಯೂಬ್ ಬೇಕಿದ್ದದ್ದು 1.2 ಮೀಟರ್, ಕತ್ತರಿಸಿಕೊಡುವುದು ಪೂರ್ತಿ ಮೀಟರ್ ಲೆಕ್ಕದಲ್ಲಿ: 2 ಮೀಟರ್‌ಗೆ 30. ಸಾಮಗ್ರಿ 148 ಇದ್ದದ್ದು 200 ಆಯಿತು.

ಸಾಗಣೆಯಲ್ಲಿ ದೊಡ್ಡ ತಪ್ಪು. ಹೋಗುವ 100 ಮಾತ್ರ ಬರೆದಿತ್ತು. ಮಾದರಿ ವಾಪಸ್ ಕೂಡ ಬರಬೇಕಲ್ಲ! ಒಟ್ಟು 200.

ಅಚ್ಚರಿಯಾಗಿದ್ದು ಬ್ಯಾನರ್. 2.5 × 3 ಅಡಿ ಅಂದರೆ 7.5 ಚದರ ಅಡಿ, 12ರಂತೆ 90 ಎಂದುಕೊಂಡಿದ್ದೆ. ಅಂಗಡಿಯಲ್ಲಿ ಎರಡೂವರೆಯನ್ನು 3 ಅಡಿ ಎಂದೇ ಹಿಡಿದು 9 ಚದರ ಅಡಿಗೆ 108 ಬಿಲ್ ಹಾಕಿದರು. ಆರ್ಡರ್ ಕೊಡುವ ಮೊದಲೇ "ಅರ್ಧ ಅಡಿಯನ್ನು ಹೇಗೆ ಲೆಕ್ಕ ಹಿಡಿಯುತ್ತೀರಿ?" ಎಂದು ಕೇಳಿ, ಅಥವಾ ವಿನ್ಯಾಸವನ್ನೇ 2 × 3ಕ್ಕೆ ಕುಗ್ಗಿಸಿ.

"ಕೊನೆಗೆ ಶೇ 10 ಸೇರಿಸಿಬಿಡಿ" ಎಂಬ ಸಲಹೆ ಮಾತ್ರ ಫಲ ಕೊಡಲಿಲ್ಲ. 338ಕ್ಕೆ ಅದನ್ನು ಸೇರಿಸಿದರೂ ಸುಮಾರು 372 ಅಷ್ಟೇ. ಬಿಟ್ಟುಹೋದ ವಾಪಸ್ ಬಾಡಿಗೆ ಶೇಕಡಾವಾರಿನಲ್ಲಿ ತುಂಬುವಂಥದ್ದಲ್ಲ.