ಬಿ.ಸಿ.547 ಆಂಪ್ಲಿಫೈಯರ್ 45 ಕಿಲೋಹರ್ಟ್ಸ್‌ಗೇ ಯಾಕೆ ಬೀಳ್ತದೆ?

ಪ್ರಶ್ನೆ: ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ಬಳ್ಳಾರಿ

ಬಿ.ಸಿ.547 ಹಾಕಿ ಬ್ರೆಡ್‌ಬೋರ್ಡ್ ಮೇಲೆ ಕಾಮನ್ ಎಮಿಟರ್ ಆಂಪ್ಲಿಫೈಯರ್ ಕಟ್ಟಿದ್ದೀವಿ. ಸಪ್ಲೈ 12 ವೋಲ್ಟ್, ಕಲೆಕ್ಟರಿಗೆ 4.7ಕೆ, ಎಮಿಟರಿಗೆ 1.2ಕೆ ಮತ್ತು 100 ಮೈಕ್ರೋಫ್ಯಾರಡ್ ಬೈಪಾಸ್, ಬಯಾಸಿಗೆ 82ಕೆ ಮತ್ತು 15ಕೆ. ಕರೆಂಟ್ ಸುಮಾರು 1 ಮಿಲಿಆಂಪ್. ಬೇಸಿಂದ ಕಲೆಕ್ಟರಿಗೆ ಗೇನ್ 170. ಜನರೇಟರ್ ನೇರ ಕೊಟ್ಟರೆ 1 ಮೆಗಾಹರ್ಟ್ಸ್ ದಾಟಿದರೂ ನಡೀತದೆ. ನಡುವೆ 10ಕೆ ಸೀರೀಸ್ ಹಾಕಿದ ಕೂಡಲೇ 45 ಕಿಲೋಹರ್ಟ್ಸ್‌ಗೇ ಔಟ್‌ಪುಟ್ 0.7 ಪಟ್ಟಿಗೆ ಇಳೀತದೆ. ಡೇಟಾಶೀಟಿನಲ್ಲಿ ಕಲೆಕ್ಟರ್-ಬೇಸ್ ಕೆಪಾಸಿಟನ್ಸ್ ಮೂರ್ನಾಲ್ಕು ಪಿಕೋಫ್ಯಾರಡ್ ಅಷ್ಟೇ. 10ಕೆ ಜೊತೆ ಲೆಕ್ಕ ಹಾಕಿದರೆ 4 ಮೆಗಾಹರ್ಟ್ಸ್ ಬರಬೇಕಿತ್ತು. ಎಲ್ಲಿ ತಪ್ಪಿದ್ದೀವಿ?

ಆಂಪ್ಲಿಫೈಯರ್ ರಿಪೇರಿ, ಗಂಗಾವತಿ

547 ಆಡಿಯೋಕ್ಕ ಮಾಡಿದ್ದು ರೀ. ಮ್ಯಾಲಿನ ಫ್ರೀಕ್ವೆನ್ಸಿ ಬೇಕಂದ್ರ ಫಾಸ್ಟ್ ಟ್ರಾನ್ಸಿಸ್ಟರ್ ಹಾಕಬೇಕು. ಬಿ.ಎಫ್.494 ತಂದು ಹಾಕ್ರಿ, ಸರಿಹೋಗ್ತದ.

ಅನಲಾಗ್ ಸರ್ಕ್ಯೂಟ್ ಉಪನ್ಯಾಸಕಿ, ರಾಯಚೂರು

494 ಹಾಕಿದರೆ ಗುಣ ಕಾಣ್ತದೆ, ಅದು ನಿಜ. ಆದರೆ ಅದು ಫಾಸ್ಟ್ ಅನ್ನೋದಕ್ಕಲ್ಲ. 547ರ ಟ್ರಾನ್ಸಿಷನ್ ಫ್ರೀಕ್ವೆನ್ಸಿ 1 ಮಿಲಿಆಂಪಿನಲ್ಲೂ ನೂರು ಮೆಗಾಹರ್ಟ್ಸ್ ಆಸುಪಾಸು ಇರ್ತದೆ. 45 ಕಿಲೋಹರ್ಟ್ಸ್‌ಗೆ ಅದು ಸುಸ್ತಾಗೋದಿಲ್ಲ. ಜನರೇಟರ್ ನೇರ ಕೊಟ್ಟಾಗ 1 ಮೆಗಾಹರ್ಟ್ಸ್ ದಾಟಿತಲ್ಲ, ಸಾಕ್ಷಿ ಅಲ್ಲೇ ಇದೆ.

ನೋಡಮ್ಮ, ಕಲೆಕ್ಟರ್-ಬೇಸ್ ನಡುವಿನ ಕೆಪಾಸಿಟರಿನ ಎರಡು ತುದಿಯಲ್ಲಿ ಒಂದನ್ನೂ ನೀನು ಗ್ರೌಂಡಿಗೆ ಕಟ್ಟಿಲ್ಲ. ನಿನ್ನ ಲೆಕ್ಕ ಮಾತ್ರ ಒಂದು ತುದಿ ಗ್ರೌಂಡಿನಲ್ಲಿದೆ ಅಂತ ಹಿಡಿದಿದೆ. ಬೇಸ್ 1 ಮಿಲಿವೋಲ್ಟ್ ಏರಿದರೆ ಕಲೆಕ್ಟರ್ ಸುಮ್ಮನೆ ಕೂರೋದಿಲ್ಲ, 170 ಮಿಲಿವೋಲ್ಟ್ ಕೆಳಗೆ ಇಳೀತದೆ. ಹಾಗಾಗಿ ಆ ಕೆಪಾಸಿಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಬದಲಾಗೋದು 1 ಅಲ್ಲ, 171 ಮಿಲಿವೋಲ್ಟ್. ಅದಕ್ಕೆ ತಕ್ಕ ಚಾರ್ಜ್ ಬೇಸ್ ಕಡೆಯಿಂದಲೇ ಹೋಗಬೇಕು, ಅದೂ ನಿನ್ನ 10ಕೆ ದಾಟಿ. ಸೋರ್ಸ್ ಕೊಟ್ಟಿದ್ದು ಬೇಸಿನಲ್ಲಿ 1 ಮಿಲಿವೋಲ್ಟ್, ತೆತ್ತಿದ್ದು 171 ಮಿಲಿವೋಲ್ಟಿನ ಚಾರ್ಜ್. ಸೋರ್ಸಿನ ಮಟ್ಟಿಗೆ ಬೇಸಿಂದ ಗ್ರೌಂಡಿಗೆ 171 ಪಟ್ಟು ದೊಡ್ಡ ಕೆಪಾಸಿಟರ್ ಇದ್ದಂತೆಯೇ. ಇದನ್ನ ಮಿಲ್ಲರ್ ಅನ್ನೋರು 1920ರ ಸುಮಾರಿಗೆ ಟ್ರಯೋಡ್ ವಾಲ್ವ್‌ಗಳಲ್ಲಿ ಗುರುತಿಸಿದರು. ಅದಕ್ಕೇ ಮಿಲ್ಲರ್ ಎಫೆಕ್ಟ್ ಅನ್ನೋ ಹೆಸರು.

ಈಗ ನಿನ್ನ 45 ಕಿಲೋಹರ್ಟ್ಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕೋಣ. ಕೆಪಾಸಿಟರಿಗೆ ಕಾಣೋ ರೆಸಿಸ್ಟನ್ಸ್ ಬರೀ 10ಕೆ ಅಲ್ಲ. ಅದರ ಜೊತೆ ಬಯಾಸ್ ಜೋಡಿ 12.7ಕೆ ಪ್ಯಾರಲಲ್ಲಿನಲ್ಲಿದೆ, ಬೇಸಿನ ಒಳರೆಸಿಸ್ಟನ್ಸ್ ಬೀಟಾ 300 ಹಿಡಿದರೆ 8ಕೆ, ಅದೂ ಪ್ಯಾರಲಲ್. ಮೂರೂ ಸೇರಿ 3.3ಕೆ.

```
C = 1 / (2π × 3.3k × 45k) ≈ 1070 pF
Cbe ≈ 60 pF
(1070 − 60) / 171 ≈ 5.9 pF
```

ಬೇಸ್-ಎಮಿಟರ್ ನಡುವಿನ 60 ಪಿಕೋಫ್ಯಾರಡ್‌ಗೆ ಗುಣಾಕಾರ ಇಲ್ಲ, ಎಮಿಟರ್ ಬೈಪಾಸ್‌ನಿಂದ ಗ್ರೌಂಡಿನಲ್ಲೇ ಇದೆ. ಉಳಿದ ಸಾವಿರಕ್ಕೂ ಕಾರಣ ಕಲೆಕ್ಟರ್ ಮತ್ತು ಬೇಸ್ ನಡುವಿನ 6 ಪಿಕೋಫ್ಯಾರಡ್. ಜನರೇಟರ್ ನೇರ ಕೊಟ್ಟಾಗಲೂ ಈ ಸಾವಿರ ಅಲ್ಲೇ ಇತ್ತು. ಆದರೆ 50 ಓಮ್ ಸೋರ್ಸಿಗೆ ಅದು ಭಾರ ಅನ್ನಿಸಲ್ಲ. ಆಗ ಬ್ಯಾಂಡ್‌ವಿಡ್ತ್ ಹಿಡಿಯೋದು ಔಟ್‌ಪುಟ್ ಕಡೆಯ 4.7ಕೆ ಮತ್ತು ಪ್ರೋಬಿನ ಕೆಪಾಸಿಟನ್ಸ್.

ವಿದ್ಯಾರ್ಥಿನಿ, ಬಳ್ಳಾರಿ

ಮೇಡಂ, ಸಿಮ್ಯುಲೇಷನ್‌ನಲ್ಲಿ ಇದೇ ಸರ್ಕ್ಯೂಟ್ ಹಾಕಿದರೆ 45ರ ಹೆಚ್ಚುಕಡಿಮೆ ಎರಡು ಪಟ್ಟು ಬರ್ತಿದೆ. 6 ಪಿಕೋ ಟ್ರಾನ್ಸಿಸ್ಟರಿನದೇ ಅಂತ ಹೇಗೆ ಹೇಳೋದು?

ಉಪನ್ಯಾಸಕಿ, ರಾಯಚೂರು

ಟ್ರಾನ್ಸಿಸ್ಟರಿನದೇ ಅಂತ ನಾನೂ ಹೇಳಲ್ಲ. 547ರ ಚಪ್ಪಟೆ ಮುಖ ನಿನ್ನ ಕಡೆ ಇಟ್ಟು, ಕಾಲು ಕೆಳಗೆ ಮಾಡಿ ನೋಡು. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂದರೆ ಬ್ರೆಡ್‌ಬೋರ್ಡಿನಲ್ಲಿ ಕಲೆಕ್ಟರ್ ಸಾಲೂ ಬೇಸ್ ಸಾಲೂ ಒತ್ತಿಕೊಂಡೇ ಇರ್ತಾವೆ. ಒಳಗಿನ ತಗಡಿನ ಪಟ್ಟಿ ಎರಡು ಎದುರುಬದುರು, ನಡುವೆ ಪ್ಲಾಸ್ಟಿಕ್. ಅಕ್ಕಪಕ್ಕದ ಎರಡು ಸಾಲಿನ ನಡುವೆ ಎರಡು-ಮೂರು ಪಿಕೋಫ್ಯಾರಡ್ ಸಿಗೋದು ಸಾಮಾನ್ಯ. ಬೇರೆ ಎಲ್ಲಾದರೂ ಇದ್ದಿದ್ದರೆ ಲೆಕ್ಕಕ್ಕೇ ಬರ್ತಿರಲಿಲ್ಲ. ಸರಿಯಾಗಿ 171 ಪಟ್ಟು ಆಗೋ ಜಾಗದಲ್ಲೇ ಕೂತಿದೆ. ಸಿಮ್ಯುಲೇಟರಿಗೆ ಈ ಪಟ್ಟಿಗಳು ಗೊತ್ತಿಲ್ಲ.

ಗುಣಾಕಾರ ನಿಜವೋ ಅಲ್ಲವೋ ಅಂತ ಬೆಂಚ್ ಮೇಲೇ ನೋಡಬಹುದು. ಒಂದು 4.7 ಪಿಕೋಫ್ಯಾರಡ್ ಸಿರಾಮಿಕ್ ತಗೊಂಡು, ಕಾಲು ಗಿಡ್ಡ ಕತ್ತರಿಸಿ, ಮೊದಲು ಬೇಸಿಂದ ಗ್ರೌಂಡಿಗೆ ಹಾಕು. 45 ಕಿಲೋಹರ್ಟ್ಸ್ ಅಲುಗಾಡೋದೇ ಇಲ್ಲ, ಯಾಕಂದರೆ ಸಾವಿರದ ಮುಂದೆ ಐದು ಏನೂ ಅಲ್ಲ. ಆಮೇಲೆ ಅದೇ ಕೆಪಾಸಿಟರನ್ನ ಬೇಸಿಂದ ಕಲೆಕ್ಟರಿಗೆ ಹಾಕು. ಈಗ ಅದು 800 ಆಗಿ ಕೂಡ್ತದೆ, ಮಿತಿ 26 ಕಿಲೋಹರ್ಟ್ಸ್ ಹತ್ತಿರ ಇಳೀಬೇಕು. ಇಳಿಯದಿದ್ದರೆ ನನ್ನ ಲೆಕ್ಕ ತಪ್ಪು, ಬೇರೆ ಕಾರಣ ಹುಡುಕಬೇಕು.

ಅಳೆಯುವಾಗ ಎರಡು ಎಚ್ಚರಿಕೆ. ಬೇಸಿನಲ್ಲಿ ಸಿಗ್ನಲ್ 3 ಮಿಲಿವೋಲ್ಟ್ ಪೀಕ್ ಮೀರಬಾರದು. ಮೀರಿದರೆ ಕಲೆಕ್ಟರಿನ ಅಲೆ ಒಂದು ಕಡೆ ದಪ್ಪ, ಒಂದು ಕಡೆ ಚೂಪಾಗಿ ಸೊಟ್ಟಾಗ್ತದೆ, ಆ ಗೇನ್ ಲೆಕ್ಕಕ್ಕೆ ಆಗಲ್ಲ. ಪ್ರೋಬ್ 10 ಪಟ್ಟಿನ ಸ್ಥಾನದಲ್ಲೇ ಇರಲಿ. 1 ಪಟ್ಟಿನಲ್ಲಿಟ್ಟರೆ ಕೇಬಲ್ಲಿನ ನೂರು ಪಿಕೋಫ್ಯಾರಡ್ ಕಲೆಕ್ಟರ್ ಮೇಲೆ ಬಿದ್ದು ಔಟ್‌ಪುಟ್ ಕಡೆಯ ಮಿತಿಯೂ ಕೆಳಗಿಳಿದು ಅಳತೆ ಕೆಡ್ತದೆ. ಇನ್ನೊಂದು, ಮೇ ತಿಂಗಳ ಬಳ್ಳಾರಿ ಲ್ಯಾಬಿನ ಸೆಕೆಯಲ್ಲಿ ಗೇನ್ 170ರ ಬದಲು 160 ಬಂದರೆ ಗಾಬರಿ ಬೇಡ. ಅದೇ ಕರೆಂಟಿಗೆ ಉಷ್ಣತೆ ಏರಿದಂತೆ ಗೇನ್ ಸ್ವಲ್ಪ ಇಳೀತದೆ.

ರಿಪೇರಿ, ಗಂಗಾವತಿ

ಹಂಗಾರ 494 ಹಾಕಿದ್ರ ಯಾಕ ಸುಧಾರಿಸ್ತದ ಮೇಡಂ? ಅದು ಫಾಸ್ಟ್ ಅಂತ ಅಲ್ಲ ಅಂದ್ರಿ.

ಉಪನ್ಯಾಸಕಿ, ರಾಯಚೂರು

ಅದರ ಕಲೆಕ್ಟರ್-ಬೇಸ್ ಕೆಪಾಸಿಟನ್ಸ್ 1 ಪಿಕೋಫ್ಯಾರಡ್ ಆಸುಪಾಸು. ಅದಕ್ಕಿಂತ ಮುಖ್ಯ, ಅದರ ನಡುವಿನ ಕಾಲು ಎಮಿಟರ್. ಬೈಪಾಸ್ ಇದ್ದಾಗ ಎಮಿಟರ್ ಅಂದರೆ ಗ್ರೌಂಡೇ, ಹಾಗಾಗಿ ಕಲೆಕ್ಟರಿಗೂ ಬೇಸಿಗೂ ನಡುವೆ ಗೋಡೆ ನಿಂತ ಹಾಗೆ. ಈ ಯುಕ್ತಿ 547ಕ್ಕೂ ನಡೀತದೆ. ಬೇಸಿನ ಕಾಲನ್ನ ಬಗ್ಗಿಸಿ ಕಲೆಕ್ಟರಿಂದ ಒಂದು ಸಾಲು ಬಿಟ್ಟು ಚುಚ್ಚಿ, ಎಮಿಟರನ್ನ ಅದರಾಚೆಗೆ ಸರಿಸಿ, ಖಾಲಿ ಬಿಟ್ಟ ಸಾಲನ್ನ ತುಂಡು ವೈರಿನಿಂದ ಗ್ರೌಂಡ್ ಮಾಡಿ. ಪಟ್ಟಿಗಳ ಕೆಪಾಸಿಟನ್ಸ್ ಎಲ್ಲೂ ಹೋಗಲ್ಲ, ಆದರೆ ಒಂದು ಭಾಗ ಬೇಸಿಂದ ಗ್ರೌಂಡಿಗೆ, ಇನ್ನೊಂದು ಕಲೆಕ್ಟರಿಂದ ಗ್ರೌಂಡಿಗೆ ಆಗ್ತದೆ. ಎರಡಕ್ಕೂ ಗುಣಾಕಾರ ಇಲ್ಲ. ಖರ್ಚು ಒಂದು ತುಂಡು ವೈರ್.

ಸೋಲಾರ್ ಪಂಪ್ ಕಂಟ್ರೋಲರ್ ಸರ್ವಿಸ್, ಸಿಂಧನೂರು

ನಂದೂ ಇದೇ ಏನ್ರಿ? ಕಂಟ್ರೋಲರಿನ ಮಾಸ್‌ಫೆಟ್ ಭಾಳ ಬಿಸಿ ಆಗ್ತದ. ಗೇಟ್ ವೇವ್‌ಫಾರ್ಮ್ ನೋಡಿದ್ರ ಏರ್ತಾ ಏರ್ತಾ 5 ವೋಲ್ಟಿನ ಹತ್ರ ಸಮತಟ್ಟಾಗಿ ನಿಂತು, ಆಮ್ಯಾಲೆ ಮತ್ತ ಏರ್ತದ. ಗೇಟಿಗೆ 220 ಓಮ್ ಅದ. ಆ ಮಟ್ಟ ತೆಗಿಯಾಕ ಗೇಟ್-ಸೋರ್ಸ್ ನಡುವೆ ಕೆಪಾಸಿಟರ್ ಹಾಕಬೇಕಂತ ಒಬ್ರು ಹೇಳ್ಯಾರ.

ಉಪನ್ಯಾಸಕಿ, ರಾಯಚೂರು

ಕಾರಣ ಅದೇ, ಸಲಹೆ ಉಲ್ಟಾ. ಆ ಸಮತಟ್ಟು ಇರೋ ಹೊತ್ತಿನಲ್ಲಿ ಡ್ರೈನ್ ಮೇಲಿಂದ ಕೆಳಗೆ ಇಳೀತಾ ಇರ್ತದೆ. ಗೇಟ್ ಕರೆಂಟ್ ಪೂರ್ತಿ ಗೇಟ್-ಡ್ರೈನ್ ಕೆಪಾಸಿಟನ್ಸಿಗೇ ಹೋಗೋದರಿಂದ ಗೇಟ್ ವೋಲ್ಟೇಜ್ ಅಲ್ಲೇ ನಿಲ್ತದೆ. ಡ್ರೈನಿನಲ್ಲಿ ವೋಲ್ಟೇಜೂ ಇದೆ, ಕರೆಂಟೂ ಇದೆ, ಅದೇ ಶಾಖ. ಡೇಟಾಶೀಟಿನಲ್ಲಿ `Qgd` ನೋಡಿ. ಅದು 20 ನ್ಯಾನೋಕೂಲಂಬ್ ಇದೆ ಅನ್ನಿ. 12 ವೋಲ್ಟ್ ಡ್ರೈವಿಂದ 220 ಓಮ್ ಮೂಲಕ 5 ವೋಲ್ಟಿನ ಹತ್ತಿರ ಸಿಗೋದು 32 ಮಿಲಿಆಂಪ್, ಸಮತಟ್ಟು 0.6 ಮೈಕ್ರೋಸೆಕೆಂಡ್ ಹಿಡೀತದೆ. 22 ಓಮ್ ಮಾಡಿ, ಡ್ರೈವರ್ ಐಸಿಗೆ 300 ಮಿಲಿಆಂಪ್ ಕೊಡೋ ಶಕ್ತಿ ಇದ್ದರೆ ಅದು ಹತ್ತರಲ್ಲೊಂದಾಗ್ತದೆ. ಗೇಟ್-ಸೋರ್ಸ್ ನಡುವೆ ಕೆಪಾಸಿಟರ್ ಹಾಕಿದರೆ ಡ್ರೈವರಿನ ಹೊರೆ ಹೆಚ್ಚೇ ಹೊರತು ಸಮತಟ್ಟು ಕಡಿಮೆ ಆಗಲ್ಲ. ಆದರೆ ತೀರಾ ವೇಗ ಮಾಡಿದರೆ ಪಂಪಿನ ಉದ್ದ ಕೇಬಲ್ಲಿನಿಂದ ರಿಂಗಿಂಗ್ ಬರಬಹುದು. ಡ್ರೈನ್ ವೇವ್‌ಫಾರ್ಮ್ ನೋಡುತ್ತಾ ಇಳಿಸಿ.

ವಿದ್ಯಾರ್ಥಿನಿ, ಬಳ್ಳಾರಿ

4.7 ಹಾಕಿ ನೋಡಿದೆ ಮೇಡಂ. ಗ್ರೌಂಡಿಗೆ ಹಾಕಿದಾಗ ಬದಲಾವಣೆ ಇಲ್ಲ. ಕಲೆಕ್ಟರಿಗೆ ಹಾಕಿದಾಗ 27 ಕಿಲೋಹರ್ಟ್ಸ್. ಈಗ ನಮಗೆ ಬೇಕಿರೋದು 400 ಕಿಲೋಹರ್ಟ್ಸ್, 10ಕೆ ಸೋರ್ಸ್ ಬದಲಿಸೋ ಹಾಗಿಲ್ಲ, ಗೇನೂ ಇಳಿಸೋ ಹಾಗಿಲ್ಲ.

ಉಪನ್ಯಾಸಕಿ, ರಾಯಚೂರು

ಹಾಗಾದರೆ ಗ್ರೌಂಡ್ ಸಾಲೊಂದೇ ಸಾಲದು. ಟ್ರಾನ್ಸಿಸ್ಟರಿನ ಒಳಗಿನದು ಉಳಿದೇ ಉಳೀತದೆ. ಕ್ಯಾಸ್ಕೋಡ್ ಮಾಡು. ಕಲೆಕ್ಟರ್ ಮತ್ತು 4.7ಕೆ ನಡುವೆ ಇನ್ನೊಂದು 547 ಹಾಕು, ಮೇಲಿನದರ ಎಮಿಟರ್ ಕೆಳಗಿನದರ ಕಲೆಕ್ಟರಿಗೆ. ಮೇಲಿನ ಬೇಸಿಗೆ 12 ವೋಲ್ಟಿಂದ 33ಕೆ, ಗ್ರೌಂಡಿಗೆ 15ಕೆ, ಅದರ ಮೇಲೆ 100 ನ್ಯಾನೋಫ್ಯಾರಡ್. ಬೇಸ್ 3.7 ವೋಲ್ಟ್‌ಗೆ ನಿಲ್ತದೆ, ಕೆಳಗಿನ ಕಲೆಕ್ಟರ್ 3.1ರ ಹತ್ತಿರ.

ಕೆಳಗಿನ ಟ್ರಾನ್ಸಿಸ್ಟರ್ ಈಗ ನೋಡೋ ಲೋಡ್ ಮೇಲಿನದರ ಎಮಿಟರ್, ಅಂದರೆ 26 ಓಮ್ ಆಸುಪಾಸು. ಹಾಗಾಗಿ ಬೇಸಿಂದ ಕೆಳಗಿನ ಕಲೆಕ್ಟರಿಗೆ ಗೇನ್ 170 ಅಲ್ಲ, ಒಂದೇ ಒಂದು. 6 ಪಿಕೋಫ್ಯಾರಡ್ 171 ಪಟ್ಟಿನ ಬದಲು ಎರಡೇ ಪಟ್ಟು ಆಗ್ತದೆ. ಕೆಳಗಿನ ಕಲೆಕ್ಟರಿನ ವೋಲ್ಟೇಜ್ ಇಳಿದದ್ದರಿಂದ ಜಂಕ್ಷನ್ ಕೆಪಾಸಿಟನ್ಸ್ ಸ್ವಲ್ಪ ಹೆಚ್ಚಿದರೂ ಒಟ್ಟು 75 ದಾಟಲ್ಲ. 3.3ಕೆ ಜೊತೆ 600 ಕಿಲೋಹರ್ಟ್ಸ್ ಮೇಲೆ ಬರಬೇಕು. ಪೂರ್ತಿ ಗೇನ್ ಮೇಲಿನ ಕಲೆಕ್ಟರಿನಲ್ಲಿ ಸಿಗ್ತದೆ, ಆದರೆ ಅಲ್ಲಿಂದ ಕೆಳಗಿನ ಬೇಸಿಗೆ ದಾರಿ ಇಲ್ಲ. ಆ ದಾರಿಯನ್ನ ನೀನೇ ಮಾಡಿಕೊಡಬೇಡ: ಮೇಲಿನ ಕಲೆಕ್ಟರ್ ಸಾಲನ್ನ ಕೆಳಗಿನ ಬೇಸ್ ಸಾಲಿನ ಪಕ್ಕ ತರಬೇಡ. ಮೇಲಿನ ಬೇಸಿನ 100 ನ್ಯಾನೋ ಕಾಲಿನ ಬುಡದಲ್ಲೇ ಇರಲಿ. ಸ್ಕೋಪ್ ಗೆರೆ ಕಾರಣವಿಲ್ಲದೆ ದಪ್ಪ ಕಂಡರೆ ಅದು ಹತ್ತಾರು ಮೆಗಾಹರ್ಟ್ಸ್‌ನಲ್ಲಿ ಆಸಿಲೇಟ್ ಆಗ್ತಿದೆ, ಮೇಲಿನ ಬೇಸಿಗೆ 47 ಓಮ್ ಸೀರೀಸ್ ಹಾಕು.

ರಿಪೇರಿ, ಗಂಗಾವತಿ

ಅಷ್ಟೆಲ್ಲಾ ಯಾಕ್ರಿ, ಮುಂದ ಒಂದು ಎಮಿಟರ್ ಫಾಲೋವರ್ ಹಾಕಿದ್ರ 10ಕೆ ಐವತ್ತು ಓಮ್ ಆಗಿ ಕಾಣ್ತದ. ಸಾವಿರ ಪಿಕೋ ಇದ್ರ ಇರ್ಲಿ.

ಉಪನ್ಯಾಸಕಿ, ರಾಯಚೂರು

ಅದೂ ಸರಿಯಾದ ದಾರಿಯೇ, ಈ ಮಾತಿಗೆ ನನ್ನ ತಕರಾರಿಲ್ಲ. ಬ್ಯಾಂಡ್‌ವಿಡ್ತ್ ಮಾತ್ರ ನೋಡಿದರೆ ಫಾಲೋವರ್ ಮುಂದೆಯೂ ಇರಬಹುದು. ನನಗೆ ಕ್ಯಾಸ್ಕೋಡ್ ಹಿಡಿಸೋದು ಔಟ್‌ಪುಟ್ ಇನ್‌ಪುಟ್ಟಿಗೆ ಮುಟ್ಟದಂತೆ ಆಗೋದಕ್ಕೆ. ಈ ಹುಡುಗಿ ಮುಂದೆ ಟ್ಯೂನ್ಡ್ ಲೋಡ್ ಹಾಕೋದಾದರೆ ಅದು ಬೇಕೇ ಬೇಕು. ಬರೀ ರೆಸಿಸ್ಟರ್ ಲೋಡ್ ಆದರೆ ನಿಮ್ಮದು ಸುಲಭ.

ವಿದ್ಯಾರ್ಥಿನಿ, ಬಳ್ಳಾರಿ

ಎರಡೂ ಕಟ್ತೀವಿ. ಆದರೆ 6 ಪಿಕೋದಲ್ಲಿ ಬೋರ್ಡಿನದೆಷ್ಟು, ಟ್ರಾನ್ಸಿಸ್ಟರಿನದೆಷ್ಟು ಅಂತ ಇನ್ನೂ ಗೊತ್ತಾಗಿಲ್ಲ. ಗ್ರೌಂಡ್ ಸಾಲು ಹಾಕಿದ ಮೇಲೆ 45 ಇದ್ದದ್ದು 70ಕ್ಕೆ ಬಂತು, ಸಿಮ್ಯುಲೇಷನ್‌ನಷ್ಟು ಬರಲಿಲ್ಲ.

ಉಪನ್ಯಾಸಕಿ, ರಾಯಚೂರು

70 ಅಂದರೆ ಉಳಿದದ್ದು 3.7 ಪಿಕೋಫ್ಯಾರಡ್ ಸುಮಾರು. ಅದರಲ್ಲೂ ಬೋರ್ಡಿನ ಮೇಲಿರೋ ಕಾಲು, ವೈರುಗಳ ಪಾಲು ಇರಬಹುದು, ಅಥವಾ ನಿನ್ನ ಪೀಸಿನ ಬೀಟಾ 300 ಅಲ್ಲದೆ ರೆಸಿಸ್ಟನ್ಸಿನ ಲೆಕ್ಕವೇ ಸರಿದಿರಬಹುದು. ಬೀಟಾ ಮೊದಲು ಅಳೆ. ಆಮೇಲೆ ಅದೇ ಪೀಸನ್ನ ಜನರಲ್ ಪರ್ಪಸ್ ಬೋರ್ಡಿಗೆ ಬೆಸುಗೆ ಹಾಕಿ, 4.7ಕೆ ಬಿಟ್ಟು ಕಲೆಕ್ಟರಿಗೆ ಬೇರೇನೂ ತಾಗದ ಹಾಗೆ ಮಾಡಿ ಅಳೆದು ಇಲ್ಲಿ ಹಾಕು.