60 ಗಂಟೆಯ ವಾರವೂ 42ರ ಸರಾಸರಿಯೂ

“ಚಿಕ್ಕಪ್ಪ, ಎರಡು ದಿನ ಕೆಲಸ, ಎರಡು ದಿನ ರಜೆ, ಮೂರು ದಿನ ಕೆಲಸ ಎಂದು ಹನ್ನೆರಡು ಗಂಟೆಯ ಶಿಫ್ಟ್ ಹಾಕಿದ್ದಾರೆ. ನನ್ನ ಲೆಕ್ಕಕ್ಕೆ ವಾರಕ್ಕೆ 60 ಗಂಟೆ ಬರುತ್ತದೆ, ಅವರು 42 ಎನ್ನುತ್ತಾರೆ. ಯಾವುದು ಸರಿ?”

ಎರಡೂ ಸರಿ ಮಗಾ, ಏಕೆಂದರೆ ನೀನು ನೋಡಿರುವುದು ಅರ್ಧ ಸುತ್ತು ಮಾತ್ರ. ಈ ಪಾಳಿ ಏಳು ದಿನಕ್ಕೆ ಮುಗಿಯುವುದಿಲ್ಲ, ಹದಿನಾಲ್ಕು ದಿನಕ್ಕೆ ಮುಗಿಯುತ್ತದೆ. ಮೊದಲ ವಾರ ಸೋಮವಾರ, ಮಂಗಳವಾರ ಕೆಲಸ, ಬುಧವಾರ, ಗುರುವಾರ ರಜೆ, ಶುಕ್ರವಾರದಿಂದ ಭಾನುವಾರದವರೆಗೆ ಮತ್ತೆ ಕೆಲಸ. ಮುಂದಿನ ವಾರ ಇದೇ ಕ್ರಮ ತಿರುಗುಮುರುಗಾಗಿ, ಬುಧವಾರ, ಗುರುವಾರ ಮಾತ್ರ ಕೆಲಸವಿದ್ದು ಉಳಿದ ಐದು ದಿನ ರಜೆ. ಮೊದಲ ವಾರದ 60ಕ್ಕೆ ಎರಡನೆಯ ವಾರದ 24 ಸೇರಿ 84, ಅದರ ಅರ್ಧ 42. ಶನಿವಾರ, ಭಾನುವಾರದ ರಜೆ ವಾರ ಬಿಟ್ಟು ವಾರ ಸಿಗುವುದೂ ಇದರಿಂದಲೇ.

42 ಎಂಬ ಸಂಖ್ಯೆಯನ್ನು ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. ಹಗಲಿರುಳೂ ನಿಲ್ಲದ ಕೆಲಸಕ್ಕೆ ವಾರದಲ್ಲಿ 168 ಗಂಟೆ ಜನ ಬೇಕು. ಅದನ್ನು ನಾಲ್ಕು ತಂಡಗಳು ಸಮನಾಗಿ ಹಂಚಿಕೊಂಡರೆ ಒಂದೊಂದರ ಪಾಲಿಗೆ ಬರುವುದು ಅಷ್ಟೇ. ಹಗಲಿಗೆ ಎರಡು ತಂಡ, ರಾತ್ರಿಗೆ ಎರಡು ತಂಡ ಇರುತ್ತವೆ, ನೀನು ರಜೆಯಲ್ಲಿರುವ ದಿನ ನಿನ್ನ ಜೋಡಿ ತಂಡ ಕೆಲಸದಲ್ಲಿರುತ್ತದೆ.

ಆದರೆ ನೀನು ನಿಜವಾಗಿ ಕೇಳಿ ತಿಳಿಯಬೇಕಾದದ್ದು ಬೇರೆಯೇ ಇದೆ: ಸಂಬಳದ ವಾರ ಯಾವ ದಿನ ಆರಂಭವಾಗುತ್ತದೆ? ಸೋಮವಾರವಾದರೆ ನಾನು ಹೇಳಿದಂತೆ 60 ಮತ್ತು 24. ಅದೇ ಪಾಳಿ, ಅದೇ ದಿನಗಳು, ಆದರೆ ವಾರ ಭಾನುವಾರ ಆರಂಭವಾದರೆ ಮೂರು ದಿನಗಳ ಕೊನೆಯ ಭಾನುವಾರ ಮುಂದಿನ ವಾರಕ್ಕೆ ಜಾರಿ, 48 ಮತ್ತು 36 ಆಗುತ್ತದೆ. ಸರಾಸರಿ ಒಂದಿಷ್ಟೂ ಬದಲಾಗುವುದಿಲ್ಲ, ಬದಲಾಗುವುದು ಓವರ್‌ಟೈಮ್. ವಾರಕ್ಕೆ 40 ಗಂಟೆ ಮೀರಿದ್ದಕ್ಕೆ ಹೆಚ್ಚುವರಿ ಹಣ ಕೊಡುವ ಕಡೆ, ಮೊದಲ ರೀತಿಯಲ್ಲಿ ಎರಡು ವಾರಕ್ಕೆ 20 ಗಂಟೆ ಓವರ್‌ಟೈಮ್ ಸಿಕ್ಕರೆ ಎರಡನೆಯದರಲ್ಲಿ ಸಿಗುವುದು 8 ಮಾತ್ರ. ಎರಡು ವಾರವನ್ನು ಒಟ್ಟಾಗಿ ಎಣಿಸಿ 80 ಮೀರಿದ್ದಕ್ಕೆ ಮಾತ್ರ ಕೊಡುವ ನಿಯಮವಿದ್ದರೆ 4 ಗಂಟೆಯಷ್ಟೇ ಉಳಿಯುತ್ತದೆ. ಇಷ್ಟು ವ್ಯತ್ಯಾಸವಾಗುವ ವಿಷಯವನ್ನು ಬಾಯಿಮಾತಿಗೆ ಬಿಡಬೇಡ, ಬರೆದ ನಿಯಮವನ್ನೇ ತೋರಿಸಲು ಕೇಳು.

ರಾತ್ರಿ ಪಾಳಿಗೆ ಹೋದಾಗ ಇನ್ನೊಂದನ್ನು ಗಮನಿಸು. ಶನಿವಾರ ಸಂಜೆ 7ಕ್ಕೆ ಆರಂಭವಾದ ಪಾಳಿ ಭಾನುವಾರ ಬೆಳಿಗ್ಗೆ 7ಕ್ಕೆ ಮುಗಿಯುತ್ತದೆ. ಭಾನುವಾರದಿಂದ ವಾರ ಎಣಿಸುವ ಕಡೆ ಗಂಟೆಗಳನ್ನು ನಡುರಾತ್ರಿಗೆ ಕತ್ತರಿಸಿದರೆ, ಅದರಲ್ಲಿ 5 ಗಂಟೆ ಹಿಂದಿನ ವಾರಕ್ಕೂ 7 ಗಂಟೆ ಮುಂದಿನ ವಾರಕ್ಕೂ ಸೇರುತ್ತವೆ. ಆಗ ಸಂಬಳದ ಚೀಟಿಯಲ್ಲಿ 48 ಮತ್ತು 36ರ ಬದಲು 41 ಮತ್ತು 43 ಕಾಣಿಸಬಹುದು. ಗಾಬರಿಯಾಗದೆ ಎರಡನ್ನೂ ಕೂಡಿಸಿ ನೋಡು. 84 ಬಾರದಿದ್ದರೆ ಮಾತ್ರ ಹೋಗಿ ವಿಚಾರಿಸು.